ಹುಬ್ಬಳ್ಳಿಯಿಂದ ಬೆಂಗಳೂರಿಗೆ ವರ್ಗ: ಒಪ್ಪಿಗೆ ಕೊಡುವ ಮೊದಲು ಹಾಕಬೇಕಾದ ಲೆಕ್ಕ

ಗೋಕುಲ ರಸ್ತೆಯ ಪ್ಲಾಂಟಿನಿಂದಲೋ, ತಾರಿಹಾಳದಿಂದಲೋ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಿಂದಲೋ ಬೆಂಗಳೂರಿಗೆ ವರ್ಗವಾದವರಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ. ಎಚ್‌ಆರ್‌ ಕರೆದು "ಸಂಬಳ ಶೇ 15 ಹೆಚ್ಚು ಮಾಡ್ತೀವಿ, ಸಾಮಾನು ಸಾಗಿಸಾಕ ಒಂದು ಲಕ್ಷ ಕೊಡ್ತೀವಿ" ಅನ್ನುತ್ತಾರೆ. ಕೇಳಿದವರು ಅಲ್ಲೇ ಹೂಂ ಅಂದು ಬರುತ್ತಾರೆ. ಆರು ತಿಂಗಳು ಕಳೆಯುವಷ್ಟರಲ್ಲಿ ಊರಲ್ಲಿ ಕೂಡಿಟ್ಟ ದುಡ್ಡು ಕರಗಲು ಶುರುವಾಗಿರುತ್ತದೆ. ಎಲ್ಲಿ ಸೋರುತ್ತಿದೆ ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ಸೋರುವ ಜಾಗ ಎರಡು. ತಿಂಗಳ ಖರ್ಚು ಎಷ್ಟು ಏರುತ್ತದೆ ಎಂದು ರೂಪಾಯಿಯಲ್ಲಿ ಎಣಿಸಿರುವುದಿಲ್ಲ. ಕೊಡುವ ದುಡ್ಡು ಯಾವ ರೂಪದಲ್ಲಿ ಬರುತ್ತದೆ ಎಂದು ಕೇಳಿರುವುದಿಲ್ಲ. ಇವೆರಡನ್ನೂ ಒಂದು ಉದಾಹರಣೆ ಹಿಡಿದು ಕೆಳಗೆ ಬಿಡಿಸಲಾಗಿದೆ.

ಉದಾಹರಣೆಯ ನೌಕರರಿಗೆ ಕಂಪನಿಯ ಪಾಲಿನ ಪಿಎಫ್ ಬಿಟ್ಟು ವರ್ಷಕ್ಕೆ 11,40,000 ರೂಪಾಯಿ ಒಟ್ಟು ಸಂಬಳ. ಹೊಸ ತೆರಿಗೆ ಪದ್ಧತಿಯಲ್ಲಿದ್ದಾರೆ. ಮನೆಯಲ್ಲಿ ಹೆಂಡತಿ, ಮೂರನೇ ತರಗತಿಯ ಮಗು, ತಾಯಿ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ 12,000 ಬಾಡಿಗೆ. ವರ್ಗವಾಗುವುದು ಪೀಣ್ಯಕ್ಕೆ. ಬಾಡಿಗೆ, ಫೀ ಇವೆಲ್ಲ ಲೆಕ್ಕಕ್ಕೆ ಹಿಡಿದ ಅಂಕಿಗಳು. ಆ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ. ತೆರಿಗೆಗೆ ಬಳಸಿರುವುದು 2025–26ರ ಹಣಕಾಸು ವರ್ಷದ ದರ.

## ಕೂರುವ ಮೊದಲು ಕೈಯಲ್ಲಿರಬೇಕಾದವು

ಕಳೆದ ಮೂರು ತಿಂಗಳ ಪೇ ಸ್ಲಿಪ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ನೇಮಕಾತಿ ಪತ್ರ, ಕಂಪನಿಯ ವರ್ಗಾವಣೆ ಪಾಲಿಸಿಯ ಪ್ರತಿ. ಪಾಲಿಸಿಯನ್ನು ಇಮೇಲಿನಲ್ಲೇ ಕೇಳಿ. "ಹಂಗೇನೂ ಬರದಿಟ್ಟಿಲ್ಲ" ಎಂಬ ಉತ್ತರ ಬಂದರೆ ಒಳ್ಳೆಯದೇ ಆಯಿತು. ಬರೆದಿಟ್ಟ ಮಿತಿ ಇಲ್ಲದ ಕಡೆ ಮಾತಾಡಲು ಜಾಗ ಹೆಚ್ಚು.

## ಹಂತ 1: ಎರಡು ಪಟ್ಟಿ, ಎರಡು ಹಾಳೆ

ಒಂದು ಹಾಳೆಯಲ್ಲಿ ಒಂದೇ ಸಲ ಆಗುವ ಖರ್ಚು: ಲಾರಿ, ಪ್ಯಾಕಿಂಗ್, ಮನೆಯವರ ಪ್ರಯಾಣ, ಬ್ರೋಕರ್, ಶಾಲೆಯ ಪ್ರವೇಶ ಶುಲ್ಕ, ಮನೆ ಸಿಗುವವರೆಗಿನ ಲಾಡ್ಜು. ಇನ್ನೊಂದರಲ್ಲಿ ಪ್ರತಿ ತಿಂಗಳೂ ಬೀಳುವ ಹೆಚ್ಚುವರಿ ಖರ್ಚು. ಮಾತುಕತೆಯಲ್ಲಿ ಕಂಪನಿ ಇವನ್ನು ಕೂಡಿಸಿ ಹೇಳುವುದುಂಟು: "ಮೊದಲನೇ ವರ್ಷ ನಿಮಗ ಎರಡೂಮುಕ್ಕಾಲು ಲಕ್ಷ ಹೆಚ್ಚಿಗಿ ಸಿಗತೈತಿ." ಕೇಳಲು ದೊಡ್ಡದು. ಆದರೆ ಅದರಲ್ಲಿ ಒಂದು ಲಕ್ಷ ಲಾರಿಗೂ ಬ್ರೋಕರಿಗೂ ಹೋಗುತ್ತದೆ, ಎರಡನೇ ವರ್ಷ ಬರುವುದಿಲ್ಲ. ಬಾಡಿಗೆಯಾದರೋ ಎರಡನೇ ವರ್ಷವೂ ಇರುತ್ತದೆ, ಏರಿಯೂ ಇರುತ್ತದೆ.

ಮನೆಯ ಅಡ್ವಾನ್ಸ್ ಎರಡರಲ್ಲಿ ಯಾವುದಕ್ಕೂ ಸೇರದು. ಅದು ಖರ್ಚಲ್ಲ, ಸಿಕ್ಕಿಬೀಳುವ ದುಡ್ಡು. ಬೆಂಗಳೂರಿನಲ್ಲಿ ಐದಾರು ತಿಂಗಳ ಬಾಡಿಗೆಯಿಂದ ಹತ್ತು ತಿಂಗಳವರೆಗೂ ಕೇಳುವ ರೂಢಿ ಇದೆ. 24,000 ಬಾಡಿಗೆಯ ಮನೆಗೆ ಆರು ತಿಂಗಳೆಂದರೂ 1,44,000. ಹುಬ್ಬಳ್ಳಿ ಮನೆಯ ಡಿಪಾಸಿಟ್ ವಾಪಸು ಬರುವ ಮೊದಲೇ ಇದನ್ನು ಕೊಡಬೇಕಾಗುತ್ತದೆ. ಇದನ್ನು ಪಕ್ಕಕ್ಕೆ ಬರೆದಿಡಿ, ಹಂತ 4ರಲ್ಲಿ ಬೇಕಾಗುತ್ತದೆ.

## ಹಂತ 2: ತಿಂಗಳ ವ್ಯತ್ಯಾಸವನ್ನು ರೂಪಾಯಿಯಲ್ಲಿ ಎಣಿಸಿ

"ಬೆಂಗಳೂರು ಹುಬ್ಬಳ್ಳಿಗಿಂತ ಶೇ 40 ತುಟ್ಟಿ, ಹಾಗಾಗಿ ಸಂಬಳವೂ ಶೇ 40 ಹೆಚ್ಚಲಿ" ಎಂದು ಕೇಳಿದವರು ಸೋಲುತ್ತಾರೆ, ಸೋಲಬೇಕಾದದ್ದೇ. ಸಂಬಳದ ಪ್ರತಿ ರೂಪಾಯಿಯೂ ಊರಿನ ಬೆಲೆಗೆ ಖರ್ಚಾಗುವುದಿಲ್ಲ. ಎಲ್‌ಐಸಿ ಕಂತು, ಸಾಲದ ಇಎಂಐ, ಮೊಬೈಲ್ ರೀಚಾರ್ಜ್, ಉಳಿತಾಯ ಎಲ್ಲಿದ್ದರೂ ಅಷ್ಟೇ. ಅಕ್ಕಿ, ಎಣ್ಣೆ, ಪ್ಯಾಕೆಟ್ ಸಾಮಾನಿನಲ್ಲಿ ಹೆಚ್ಚು ಫರಕಿಲ್ಲ.

ಇನ್ನೊಂದು ಸಾಮಾನ್ಯ ತಪ್ಪು ಗ್ರಾಹಕ ಬೆಲೆ ಸೂಚ್ಯಂಕವನ್ನು ತಂದು ತೋರಿಸುವುದು. ಕಾರ್ಮಿಕ ಬ್ಯೂರೋದ ಕೈಗಾರಿಕಾ ಕಾರ್ಮಿಕರ ಸೂಚ್ಯಂಕದಲ್ಲಿ ಪ್ರತಿ ಕೇಂದ್ರದ 2016ರ ಬೆಲೆಯನ್ನೂ 100 ಎಂದೇ ಹಿಡಿದಿರುತ್ತಾರೆ. ಅಂದರೆ ಆ ಊರಿನಲ್ಲಿ ಅಂದಿನಿಂದ ಇಂದಿನವರೆಗೆ ಬೆಲೆ ಎಷ್ಟು ಏರಿತು ಎಂದಷ್ಟೇ ಅದು ಹೇಳುತ್ತದೆ. ಒಂದೂರು ಇನ್ನೊಂದೂರಿಗಿಂತ ಎಷ್ಟು ತುಟ್ಟಿ ಎಂದು ಅದರಿಂದ ತಿಳಿಯದು. ತಿಳಿದ ಫೈನಾನ್ಸ್‌ನವರು ಎದುರಿಗಿದ್ದರೆ ನಿಮ್ಮ ಉಳಿದ ಮಾತೂ ಅಲ್ಲಿಗೇ ಬಿದ್ದುಹೋಗುತ್ತದೆ.

ಆದ್ದರಿಂದ ಬದಲಾಗುವ ಬಾಬತ್ತುಗಳನ್ನು ಮಾತ್ರ ಹಿಡಿಯಿರಿ. ನಮ್ಮ ಉದಾಹರಣೆಯಲ್ಲಿ ಅವು ಐದು:

- ನಿರ್ವಹಣೆ ಶುಲ್ಕ ಸೇರಿ ಬಾಡಿಗೆ 12,000ದಿಂದ 24,000ಕ್ಕೆ: ಹೆಚ್ಚಳ 12,000
- ಶಾಲೆ ಮತ್ತು ವ್ಯಾನು: 3,500
- ಕೆಲಸಕ್ಕೆ ಓಡಾಟ: 1,500
- ಹಾಲು, ತರಕಾರಿ, ಮನೆಗೆಲಸದವರು: 1,500
- ಹಬ್ಬ, ಮದುವೆ, ತಾಯಿಯ ಆಸ್ಪತ್ರೆ ಎಂದು ಊರಿಗೆ ಬಂದುಹೋಗುವುದು: 2,000

ಒಟ್ಟು 20,500. ಕೊನೆಯ ಬಾಬತ್ತನ್ನು ಹೆಚ್ಚಿನವರು ಮರೆಯುತ್ತಾರೆ. ಹುಬ್ಬಳ್ಳಿ–ಬೆಂಗಳೂರು ರಸ್ತೆಯಲ್ಲಿ 400 ಕಿಲೋಮೀಟರಿಗೂ ಮೇಲೆ. ನಾಲ್ಕು ಜನ ಎರಡು ತಿಂಗಳಿಗೊಮ್ಮೆ ಹೋಗಿ ಬಂದರೂ ಇಷ್ಟಾಗುತ್ತದೆ.

ಪ್ರಾಮಾಣಿಕವಾಗಿ ಕಳೆಯಬೇಕಾದದ್ದನ್ನೂ ಕಳೆಯಿರಿ. ಊರಲ್ಲಿ ಸ್ವಂತ ಮನೆಯಿದ್ದು ಬಾಡಿಗೆಗೆ ಕೊಡುವುದಾದರೆ ಬರುವ ಬಾಡಿಗೆ ಕಳೆಯಿರಿ. ಧಾರವಾಡದಿಂದ ಹುಬ್ಬಳ್ಳಿಗೆ ದಿನಾ ಕಾರಿನಲ್ಲಿ ಓಡಾಡುತ್ತಿದ್ದವರಿಗೆ ಮೆಟ್ರೋ ಹತ್ತಿರದ ಮನೆ ಸಿಕ್ಕರೆ ಓಡಾಟದ ಖರ್ಚು ಇಳಿಯಲೂಬಹುದು. 2025ರ ಫೆಬ್ರವರಿಯ ಏರಿಕೆಯಲ್ಲಿ ನಮ್ಮ ಮೆಟ್ರೋದ ಗರಿಷ್ಠ ದರ ಒಂದು ಸಲಕ್ಕೆ 90 ರೂಪಾಯಿ ಆಯಿತು. ಲೆಕ್ಕ ಹಾಕುವಾಗ ಹಳೆಯ ದರ ಹಿಡಿಯಬೇಡಿ.

## ಹಂತ 3: ಶೇ 15ಕ್ಕೆ ತೆರಿಗೆ ಹಚ್ಚಿ ನೋಡಿ

ಶೇ 15 ಅಂದರೆ ವರ್ಷಕ್ಕೆ 1,71,000, ತಿಂಗಳಿಗೆ 14,250. ಬೇಕಾದದ್ದು 20,500 ಇರುವಾಗ ಇದೇ ಸಾಲದು. ಕೈಗೆ ಬರುವಾಗ ಇನ್ನೂ ಕಡಿಮೆಯಾಗುತ್ತದೆ.

ಹೊಸ ಪದ್ಧತಿಯಲ್ಲಿ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ ಆದಾಯ 12 ಲಕ್ಷದೊಳಗಿದ್ದರೆ ತೆರಿಗೆ ಇಲ್ಲ. ಸಂಬಳದ ಲೆಕ್ಕದಲ್ಲಿ ಆ ಗೆರೆ 12,75,000. 11,40,000 ಇದ್ದಾಗ ನಮ್ಮ ನೌಕರರು ತೆರಿಗೆಯನ್ನೇ ಕಟ್ಟುತ್ತಿರಲಿಲ್ಲ. ಹೆಚ್ಚಳದ ನಂತರ ಸಂಬಳ 13,11,000, ಕಡಿತ ಕಳೆದು 12,36,000. ಗೆರೆಗಿಂತ 36,000 ಮೇಲೆ. ಗೆರೆ ದಾಟಿದ ಕೂಡಲೇ ರಿಯಾಯಿತಿ ಪೂರ್ತಿ ಹೋಗುತ್ತದೆ. ಆದರೆ ಮಾರ್ಜಿನಲ್ ರಿಲೀಫ್ ಎಂಬ ನಿಯಮದಿಂದಾಗಿ ತೆರಿಗೆಯು ಗೆರೆ ದಾಟಿದ ಮೊತ್ತಕ್ಕಿಂತ ಹೆಚ್ಚಾಗದು. ಹೀಗಾಗಿ ತೆರಿಗೆ 36,000, ಶೇ 4 ಸೆಸ್ ಸೇರಿ 37,440. 1,71,000ದಲ್ಲಿ ಉಳಿದದ್ದು 1,33,560, ಅಂದರೆ ತಿಂಗಳಿಗೆ 11,130. ಪ್ರತಿ ತಿಂಗಳು 9,370 ರೂಪಾಯಿ ಕೈಯಿಂದ ಹೋಗುತ್ತದೆ.

ಹಾಗಾದರೆ 20,500 ಕೈಗೆ ಸಿಗಲು ಸಂಬಳ ಎಷ್ಟು ಹೆಚ್ಚಬೇಕು? ಇದೇ ದರದಲ್ಲಿ ವರ್ಷಕ್ಕೆ ಸುಮಾರು 3,40,000, ಶೇ 30ರ ಹತ್ತಿರ. ಬರಿ ವರ್ಗಕ್ಕೆ ಅಷ್ಟು ಕೊಡುವ ಕಂಪನಿ ಅಪರೂಪ. ಬಹಳಷ್ಟು ಜನ ಇಲ್ಲಿಗೇ ಕೈಬಿಡುತ್ತಾರೆ.

ಸಂಬಳ ಒಂಬತ್ತು ಲಕ್ಷದ ಆಸುಪಾಸಿನಲ್ಲಿದ್ದವರಿಗೆ ಈ ತೆರಿಗೆಯ ಕಾಟವಿಲ್ಲ. ಅವರಿಗೆ ಹಂತ 2ರ ವ್ಯತ್ಯಾಸವೇ ಸಾಕು. ಗೆರೆಯ ಹತ್ತಿರ ಇರುವವರೇ ಹೆಚ್ಚು ಎಚ್ಚರದಿಂದಿರಬೇಕು. ಹಳೆಯ ಪದ್ಧತಿಯಲ್ಲಿದ್ದವರಿಗೆ ಬಾಡಿಗೆಯ ಮೇಲೆ ಎಚ್‌ಆರ್‌ಎ ವಿನಾಯಿತಿ ಸಿಗುವುದರಿಂದ ಅವರ ಲೆಕ್ಕವೇ ಬೇರೆ. ಹೊಸ ಪದ್ಧತಿಯಲ್ಲಿ ಆ ವಿನಾಯಿತಿ ಇಲ್ಲ.

## ಹಂತ 4: ಸಂಬಳ ಕೇಳಬೇಡಿ, ಮನೆ ಕೇಳಿ

ವ್ಯತ್ಯಾಸದಲ್ಲಿ ಅರ್ಧಕ್ಕಿಂತ ಹೆಚ್ಚು ಬಾಡಿಗೆಯದೇ. ಅದನ್ನು ಸಂಬಳವಾಗಿ ಪಡೆದು ತೆರಿಗೆ ಕಟ್ಟಿ ಆಮೇಲೆ ಬಾಡಿಗೆ ಕೊಡುವುದು ಸುತ್ತುಬಳಸಿನ ದಾರಿ. ಕಂಪನಿಯೇ ತನ್ನ ಹೆಸರಿನಲ್ಲಿ ಮನೆಯನ್ನು ಬಾಡಿಗೆಗೆ ಹಿಡಿದು ನಿಮಗೆ ಕೊಟ್ಟು, ಹುಬ್ಬಳ್ಳಿಯಲ್ಲಿ ನೀವು ಕಟ್ಟುತ್ತಿದ್ದ 12,000ವನ್ನು ಸಂಬಳದಿಂದ ಹಿಡಿದುಕೊಳ್ಳಲಿ ಎಂದು ಕೇಳಿ.

ಇದರಲ್ಲಿ ಲಾಭ ಹೇಗೆ? ಕಂಪನಿ ಬಾಡಿಗೆಗೆ ಹಿಡಿದು ಕೊಟ್ಟ ಮನೆಯನ್ನು ತೆರಿಗೆ ನಿಯಮ ಸೌಲಭ್ಯವೆಂದು ಎಣಿಸುತ್ತದೆ. 2023ರ ಸೆಪ್ಟೆಂಬರಿನಿಂದ ಇರುವ ನಿಯಮದಂತೆ, ಊರು ಯಾವುದೇ ಇರಲಿ, ಆ ಸೌಲಭ್ಯದ ಬೆಲೆ ಸಂಬಳದ ಶೇ 10 ಅಥವಾ ನಿಜವಾದ ಬಾಡಿಗೆ, ಯಾವುದು ಕಡಿಮೆಯೋ ಅದು. ಅದರಿಂದ ನಿಮ್ಮಲ್ಲಿ ಹಿಡಿದುಕೊಂಡ ಮೊತ್ತವನ್ನು ಕಳೆಯುತ್ತಾರೆ. ನಮ್ಮ ಉದಾಹರಣೆಯಲ್ಲಿ ಸಂಬಳದ ಶೇ 10 ಅಂದರೆ ಲಕ್ಷದ ಹದಿನಾಲ್ಕು ಸಾವಿರದ ಆಸುಪಾಸು. ಹಿಡಿದುಕೊಂಡದ್ದು ವರ್ಷಕ್ಕೆ 1,44,000. ಕಳೆದರೆ ಏನೂ ಉಳಿಯುವುದಿಲ್ಲ, ತೆರಿಗೆಯೂ ಇಲ್ಲ.

ಇನ್ನು ಉಳಿದದ್ದು ತಿಂಗಳಿಗೆ 8,500, ವರ್ಷಕ್ಕೆ 1,02,000. ಇದನ್ನು ಭತ್ಯೆಯಾಗಿ ಪಡೆಯಿರಿ. ಸಂಬಳ 12,42,000 ಆಗುತ್ತದೆ, 12,75,000ದ ಗೆರೆಯೊಳಗೇ ನಿಲ್ಲುತ್ತದೆ. ಪೂರ್ತಿ 20,500ರ ಭಾರ ಇಳಿಯಿತು, ತೆರಿಗೆ ಸೊನ್ನೆ. ಕಂಪನಿಗೆ ಬೀಳುವುದು 1,44,000 ಮತ್ತು 1,02,000 ಸೇರಿ 2,46,000. ಸಂಬಳದ ದಾರಿಯಲ್ಲಿ ಇದೇ ಫಲಕ್ಕೆ 3,40,000 ಬೇಕಿತ್ತು. ಕಂಪನಿಯ ಹೆಸರಿನಲ್ಲಿ ಕರಾರು ಆಗುವುದರಿಂದ ಅಡ್ವಾನ್ಸ್ ಮತ್ತು ಬ್ರೋಕರ್ ಶುಲ್ಕವೂ ಅವರ ತಲೆಗೇ ಹೋಗುತ್ತದೆ.

ಎರಡು ಅಡ್ಡಿಗಳು ಬರುತ್ತವೆ, ಮೊದಲೇ ತಿಳಿದಿರಲಿ. ಜಿಎಸ್‌ಟಿ ನೋಂದಣಿಯಿರುವ ಕಂಪನಿ ವಾಸದ ಮನೆ ಹಿಡಿದರೆ ಬಾಡಿಗೆಯ ಮೇಲೆ ಶೇ 18 ಜಿಎಸ್‌ಟಿಯನ್ನು ತಾನೇ ಕಟ್ಟಬೇಕು. 24,000ಕ್ಕೆ ತಿಂಗಳಿಗೆ 4,320. ಅಕೌಂಟ್ಸ್‌ನವರು ತಕರಾರು ತೆಗೆಯುವುದು ಇಲ್ಲಿಯೇ. ಅದನ್ನೂ ಕೂಡಿಸಿದರೂ ಕಂಪನಿಯ ಖರ್ಚು ವರ್ಷಕ್ಕೆ ಮೂರು ಲಕ್ಷದೊಳಗೇ ಇರುತ್ತದೆ ಎಂದು ತೋರಿಸಿ.

ಎರಡನೆಯದು ಇದಕ್ಕಿಂತ ಅಪಾಯದ್ದು. "ಮನಿ ಕೊಟ್ಟೇವಲ್ಲ" ಎಂದು ಪೇ ಸ್ಲಿಪ್ಪಿನಿಂದ ಎಚ್‌ಆರ್‌ಎ ಕಿತ್ತುಬಿಡುತ್ತಾರೆ. ಹಾಗಾದರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗು. ಎಚ್‌ಆರ್‌ಎ ತೆಗೆಯಲೇಬೇಕೆಂದರೆ ಅದೇ ಮೊತ್ತವನ್ನು ಬೇರೆ ಭತ್ಯೆಯ ಹೆಸರಿನಲ್ಲಿ ಉಳಿಸಲು ಹೇಳಿ. ಹೊಸ ಪದ್ಧತಿಯಲ್ಲಿ ಎಚ್‌ಆರ್‌ಎಗೆ ವಿನಾಯಿತಿ ಇಲ್ಲದ್ದರಿಂದ ಹೆಸರು ಬದಲಾದರೆ ನಿಮಗೆ ನಷ್ಟವಿಲ್ಲ.

## ಹಂತ 5: ಒಂದು ಲಕ್ಷವನ್ನು ಗಂಟಾಗಿ ತೆಗೆದುಕೊಳ್ಳಬೇಡಿ

ಸಂಬಳದ ಜೊತೆ ಒಂದು ಲಕ್ಷವನ್ನು ಖಾತೆಗೆ ಹಾಕಿಬಿಟ್ಟರೆ ಏನಾಗುತ್ತದೆ ನೋಡಿ. 12,42,000 ಮತ್ತು ಒಂದು ಲಕ್ಷ ಸೇರಿ 13,42,000, ಕಡಿತ ಕಳೆದು 12,67,000. ಗೆರೆ ದಾಟಿದ್ದು 67,000. ತೆರಿಗೆ ಅಷ್ಟೇ, ಸೆಸ್ ಸೇರಿ 69,680. ಒಂದು ಲಕ್ಷದಲ್ಲಿ ನಿಮಗೆ ಉಳಿದದ್ದು 30,320.

ಅದೇ ಲಕ್ಷವನ್ನು ಬಿಲ್ಲಿನ ಮೇಲೆ ಪಡೆದರೆ ಬೇರೆ. ವರ್ಗಾವಣೆಯ ಪ್ರಯಾಣಕ್ಕೆ, ಸಾಮಾನು ಕಟ್ಟಿ ಸಾಗಿಸುವುದಕ್ಕೆ ಕೊಟ್ಟ ಭತ್ಯೆ, ನಿಜವಾಗಿ ಖರ್ಚಾದಷ್ಟರ ಮಟ್ಟಿಗೆ, ಹೊಸ ಪದ್ಧತಿಯಲ್ಲೂ ತೆರಿಗೆಯಿಂದ ಹೊರಗೆ. ವರ್ಗವಾದಾಗ ಒಟ್ಟು 15 ದಿನದವರೆಗೆ ಕಂಪನಿ ಹೋಟೆಲಿನಲ್ಲಿ ಇರಿಸಿದರೂ ಅದನ್ನು ಸೌಲಭ್ಯವೆಂದು ಎಣಿಸುವುದಿಲ್ಲ. 16ನೇ ದಿನದಿಂದ ಎಣಿಸುತ್ತಾರೆ, ಆದ್ದರಿಂದ ಮನೆ ನೋಡುವುದನ್ನು ಆ ಎರಡು ವಾರದೊಳಗೆ ಮುಗಿಸಿ.

ಲಾರಿ ಮತ್ತು ಪ್ರಯಾಣಕ್ಕೆ 50,000, ಬ್ರೋಕರಿಗೆ 24,000, ಶಾಲೆಯ ಪ್ರವೇಶಕ್ಕೆ 26,000 ಎಂದಿಟ್ಟುಕೊಳ್ಳಿ. ಮೊದಲನೆಯದು ಬಿಲ್ಲಿನ ಮೇಲೆ, ತೆರಿಗೆ ಇಲ್ಲ. ಎರಡನೆಯದು ಮನೆ ಹಿಡಿದ ಕಂಪನಿಯದೇ ಖರ್ಚು. ಶಾಲೆಯ ಪ್ರವೇಶ ಶುಲ್ಕ ಮಾತ್ರ ನಿಮ್ಮ ಆದಾಯಕ್ಕೆ ಸೇರುತ್ತದೆ. ಆಗ ಮೊತ್ತ 12,68,000, ಇನ್ನೂ ಗೆರೆಯ ಒಳಗೆ. ಒಂದು ಲಕ್ಷವೂ ಕೆಲಸಕ್ಕೆ ಬಂತು. ಬೋನಸ್, ಪ್ರೋತ್ಸಾಹಧನ ಬರುವುದಿದ್ದರೆ ಮಾತ್ರ ಅವನ್ನೂ ಕೂಡಿಸಿ ನೋಡಿ. ಉಳಿದಿರುವ ಜಾಗ ಬರಿ ಏಳು ಸಾವಿರ.

2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಪೇರೋಲ್‌ನವರ ಜೊತೆ ಹಳೆಯ ಸಂಖ್ಯೆ ಹಿಡಿದು ವಾದಿಸಬೇಡಿ. "ವರ್ಗಾವಣೆ ಪ್ರಯಾಣ ಮತ್ತು ಸಾಗಣೆ ಭತ್ಯೆ, ಬಿಲ್ ಪ್ರಕಾರ" ಎಂದು ಬಾಬತ್ತಿನ ಹೆಸರು ಹೇಳಿ. ಆ ವರ್ಷದ ದರ, ನಿಯಮ ಏನೆಂದು ಅವರಿಂದಲೇ ಇಮೇಲಿನಲ್ಲಿ ಖಚಿತಪಡಿಸಿಕೊಳ್ಳಿ.

## ಹಂತ 6: ಪತ್ರದಲ್ಲಿ ಹುಡುಕಬೇಕಾದ ಸಾಲುಗಳು

ಬಾಯಿಮಾತು ಮ್ಯಾನೇಜರ್ ಬದಲಾಗುವವರೆಗೆ ಮಾತ್ರ. ವರ್ಗಾವಣೆ ಪತ್ರದಲ್ಲಿ ಮೊದಲು ನೋಡಬೇಕಾದದ್ದು ವಾಪಸಾತಿ ಷರತ್ತು. ಒಂದೋ ಎರಡೋ ವರ್ಷದೊಳಗೆ ಕೆಲಸ ಬಿಟ್ಟರೆ ಕೊಟ್ಟದ್ದನ್ನು ಹಿಂದಿರುಗಿಸಬೇಕು ಎಂದಿರುತ್ತದೆ. ಇರಲಿ, ಆದರೆ ಮೂರು ಮಾತು ಸೇರಿಸಲು ಕೇಳಿ. ದುಡಿದ ತಿಂಗಳುಗಳ ಪ್ರಮಾಣ ಕಳೆದು ಉಳಿದದ್ದು ಮಾತ್ರ ವಾಪಸು. ಕಂಪನಿಯೇ ತೆಗೆದುಹಾಕಿದರೆ ಅಥವಾ ಮತ್ತೊಮ್ಮೆ ವರ್ಗ ಮಾಡಿದರೆ ವಾಪಸಿಲ್ಲ. ತೆರಿಗೆ ಕಡಿದು ಕೊಟ್ಟ ಮೊತ್ತವಿದ್ದರೆ ಕೈಗೆ ಬಂದಷ್ಟೇ ವಾಪಸು. ಈ ಕೊನೆಯದಿಲ್ಲದಿದ್ದರೆ 30,320 ಪಡೆದು ಲಕ್ಷ ಕಟ್ಟಬೇಕಾದ ಪ್ರಸಂಗ ಬರುತ್ತದೆ.

ಎರಡನೆಯದು ಭತ್ಯೆಯ ಆಯುಷ್ಯ. "ನಗರ ಭತ್ಯೆ" ಎಂದಷ್ಟೇ ಬರೆದು ಅವಧಿ ಬರೆಯದಿದ್ದರೆ ಮುಂದಿನ ವರ್ಷ ಸಂಬಳ ಹೆಚ್ಚಿಸುವಾಗ ಅದನ್ನು ಅದರೊಳಗೇ ಕರಗಿಸುತ್ತಾರೆ. "ಬೆಂಗಳೂರಿನಲ್ಲಿ ಇರುವವರೆಗೆ, ವಾರ್ಷಿಕ ಹೆಚ್ಚಳದಿಂದ ಬೇರೆಯಾಗಿ" ಎಂಬ ಪದಗಳು ಬೇಕು. ಹುಬ್ಬಳ್ಳಿಗೆ ಮರಳಿದಾಗ ಭತ್ಯೆ ನಿಂತರೆ ಅದು ನ್ಯಾಯವೇ.

ಮೂರನೆಯದು ಸೇರುವ ದಿನ. ರಾಜ್ಯ ಪಠ್ಯಕ್ರಮದ ಶಾಲೆಗಳ ವರ್ಷ ಶುರುವಾಗುವುದು ಜೂನ್ ಹೊತ್ತಿಗೆ. ಅಕ್ಟೋಬರಿನಲ್ಲಿ ವರ್ಗವಾದರೆ ಕಟ್ಟಿದ ಫೀ ಹೋಗುತ್ತದೆ, ಇಲ್ಲವೇ ಮನೆಯವರು ಹುಬ್ಬಳ್ಳಿಯಲ್ಲೇ ಉಳಿದು ಎರಡು ಸಂಸಾರ ನಡೆಯುತ್ತದೆ. ಬೇಸಿಗೆ ರಜೆಯವರೆಗೆ ಮುಂದೂಡಿ, ಆಗದಿದ್ದರೆ ಅಲ್ಲಿಯವರೆಗಿನ ಪಿಜಿ ಬಾಡಿಗೆ ಮತ್ತು ತಿಂಗಳಿಗೆರಡು ಸಲದ ರೈಲು ಟಿಕೆಟ್ ಬರೆಸಿಕೊಳ್ಳಿ.

## ಹಂತ 7: ಹೊರಡುವ ವಾರ

ಪ್ಯಾಕರ್ಸ್ ಮೂವರನ್ನು ಮನೆಗೇ ಕರೆಸಿ ಸಾಮಾನು ತೋರಿಸಿ ದರ ತೆಗೆದುಕೊಳ್ಳಿ. ಫೋನಿನಲ್ಲಿ ಹೇಳಿದ ದರ ಲಾರಿ ತುಂಬಿದ ಮೇಲೆ ಏರುತ್ತದೆ. ಜಿಎಸ್‌ಟಿ ಸೇರಿದೆಯೇ ಎಂದು ಕೇಳಿ. ಕಂಪನಿಯ ಮಿತಿ 50,000 ಇದ್ದು ತೆರಿಗೆ ಬೇರೆ ಬಿದ್ದರೆ ಅದು ನಿಮ್ಮ ಜೇಬಿನಿಂದ. ವಿಮೆಗೆಂದು ದುಡ್ಡು ಕೇಳಿದರೆ ಪಾಲಿಸಿ ಸಂಖ್ಯೆ ಕೇಳಿ. ಪಾಲಿಸಿ ಇಲ್ಲದೆ ಬಿಲ್ಲಿನಲ್ಲಿ "ವಿಮೆ" ಎಂದು ಬರೆದಿದ್ದರೆ ಫ್ರಿಜ್ ಒಡೆದಾಗ ಕೊಡುವವರು ಯಾರೂ ಇಲ್ಲ. ಲಾರಿ ರಸೀದಿ, ಸಾಮಾನು ಪಟ್ಟಿ, ಜಿಎಸ್‌ಟಿ ಸಂಖ್ಯೆಯಿರುವ ಬಿಲ್ ಮೂರೂ ನಿಮ್ಮ ಹೆಸರಿನಲ್ಲಿರಲಿ. ಬ್ಯಾಂಕಿನಿಂದಲೇ ಪಾವತಿಸಿ.

ಬಿಡುವ ಮನೆಯಲ್ಲಿ ಗೃಹಜ್ಯೋತಿ ನಿಮ್ಮ ಹೆಸರಿಗಿದ್ದರೆ ಸೇವಾಸಿಂಧುವಿನಲ್ಲಿ ಹೆಸ್ಕಾಂ ಆರ್‌ಆರ್ ಸಂಖ್ಯೆಯ ಜೋಡಣೆ ತೆಗೆಯಿರಿ. ತೆಗೆಯದೆ ಬೆಂಗಳೂರಿನ ಮನೆಗೆ ಅರ್ಜಿ ಹಾಕಲಾಗದು. ಗ್ಯಾಸ್ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಮರಳಿಸಿ ವರ್ಗಾವಣೆ ಚೀಟಿ ಪಡೆಯಿರಿ. ಕೆಎ 25 ಅಥವಾ ಕೆಎ 63ರ ಗಾಡಿಗೆ ರಾಜ್ಯದೊಳಗೆ ಹೊಸ ನಂಬರ್ ಬೇಡ, 30 ದಿನದೊಳಗೆ ಆರ್‌ಸಿಯಲ್ಲಿ ವಿಳಾಸ ಬದಲಿಸಿದರೆ ಆಯಿತು. ಪುಣೆಗೋ ಹೈದರಾಬಾದಿಗೋ ಹೋಗುವವರು ಮಾತ್ರ ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ ತೆಗೆಸಿಯೇ ಹೊರಡಬೇಕು. 12 ತಿಂಗಳು ಮೀರಿ ಅಲ್ಲಿ ಓಡಿಸುವುದಾದರೆ ಮರುನೋಂದಣಿ ಕಡ್ಡಾಯ.

## ಹಂತ 8: ಮೊದಲ ಪೇ ಸ್ಲಿಪ್

ಮೂರು ಸಾಲು ನೋಡಿ. ಬಾಡಿಗೆಯ 12,000 ಕಡಿತ ಬೇರೆ ಸಾಲಾಗಿ ಕಾಣಬೇಕು; ಕಾಣದಿದ್ದರೆ ಸೌಲಭ್ಯದ ಬೆಲೆಯಿಂದ ಅದನ್ನು ಕಳೆಯುವುದಿಲ್ಲ. ನಗರ ಭತ್ಯೆ ಮೂಲವೇತನದೊಳಗೆ ಸೇರಿರಬಾರದು. ಸೇರಿದರೆ ಶೇ 12 ಪಿಎಫ್‌ಗೆ ಹೋಗಿ ಕೈಗೆ ಬರುವುದು ಇಳಿಯುತ್ತದೆ. ಸಾಗಣೆಯ 50,000 ತೆರಿಗೆಯಿಲ್ಲದ ಬಾಬತ್ತಿನಲ್ಲಿರಬೇಕು. ಅದು "ವಿಶೇಷ ಭತ್ಯೆ" ಎಂದು ಬಂದಿದ್ದರೆ ಆ ತಿಂಗಳಿನಿಂದಲೇ ಟಿಡಿಎಸ್ ಶುರುವಾಗಿರುತ್ತದೆ. ಬಿಲ್ಲುಗಳ ಪ್ರತಿ ಲಗತ್ತಿಸಿ ಅದೇ ವಾರ ಪೇರೋಲಿಗೆ ಬರೆಯಿರಿ. ಮಾರ್ಚ್ ಸಂಬಳ ಮುಗಿದ ಮೇಲೆ ಕಂಪನಿಯಲ್ಲಿ ತಿದ್ದಿಸುವುದು ಕಷ್ಟ.